ಮೂರು ಲೈಟ್ ಇಲ್ಲದೆ ತ್ರೀ ಪಾಯಿಂಟ್ ಲೈಟಿಂಗ್ ಆಗುತ್ತಾ?

ಪ್ರಶ್ನೆ: ಸರ್, ನಮ್ಮ ರೂಮು ಹತ್ತಕ್ಕೆ ಹತ್ತು ಅಡಿ. ಅಲ್ಲೇ ಸಂದರ್ಶನ ಶೂಟ್ ಮಾಡಬೇಕು. ಎರಡೇ ಎಲ್‌ಇಡಿ ಲೈಟ್ ಇವೆ. ಮೂರನೆಯದನ್ನು ಬಾಡಿಗೆಗೆ ತರಲೇಬೇಕಾ?

ಬೇಡ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ, ನಾನೂ ಅದೇ ಉತ್ತರ ಕೊಡುತ್ತಲೇ ಇದ್ದೇನೆ. ತ್ರೀ ಪಾಯಿಂಟ್ ಅಂದರೆ ಮೂರು ಲೈಟ್ ಅಲ್ಲ, ಮೂರು ಕೆಲಸ. ಒಂದು ಕಡೆಯಿಂದ ಮುಖಕ್ಕೆ ಬೀಳುವ ಮುಖ್ಯ ಬೆಳಕು ಕೀ. ಅದರಿಂದ ಇನ್ನೊಂದು ಕೆನ್ನೆಯ ಮೇಲೆ ಆಗುವ ನೆರಳನ್ನು ಬೇಕಾದಷ್ಟು ತಿಳಿ ಮಾಡುವುದು ಫಿಲ್. ತಲೆ, ಭುಜದ ಅಂಚು ಹೊಳೆಯಿಸಿ ಆಳನ್ನು ಹಿಂದಿನ ಗೋಡೆಯಿಂದ ಬಿಡಿಸುವುದು ಬ್ಯಾಕ್ ಲೈಟ್. ಈ ಕೆಲಸವನ್ನು ಕಿಟಕಿ ಮಾಡಲಿ, ಥರ್ಮೋಕೋಲ್ ಶೀಟ್ ಮಾಡಲಿ, ಕ್ಯಾಮೆರಾಗೆ ಏನೂ ವ್ಯತ್ಯಾಸವಿಲ್ಲ. ಸತ್ಯಜಿತ್ ರೇ ಅವರ 1956ರ 'ಅಪರಾಜಿತೋ' ಚಿತ್ರಕ್ಕೆ ಛಾಯಾಗ್ರಾಹಕ ಸುಬ್ರತ ಮಿತ್ರ ಕಾಶಿಯ ಮನೆಯಂಗಳದ ಸೆಟ್ಟಿನ ಮೇಲೆ ಬಿಳಿ ಬಟ್ಟೆ ಕಟ್ಟಿಸಿ, ಲೈಟುಗಳನ್ನು ಅದರತ್ತ ತಿರುಗಿಸಿ, ಬಟ್ಟೆಯಿಂದ ವಾಪಸ್ ಬಂದ ಬೆಳಕಿನಲ್ಲೇ ಚಿತ್ರೀಕರಿಸಿದ್ದರು. ಅಲ್ಲಿ ಮುಖಕ್ಕೆ ಬೆಳಕು ಕೊಟ್ಟಿದ್ದು ಬಟ್ಟೆ, ಅಲ್ವಾ?

ಇನ್ನೂ ಒಂದು ಮಾತು. ಚಿಕ್ಕ ರೂಮಿನಲ್ಲಿ ಮೂರನೇ ಲೈಟ್ ತಂದರೆ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ನಮ್ಮ ಮನೆಗಳ ಗೋಡೆ ಬಿಳಿ ಇಲ್ಲವೇ ಕ್ರೀಮ್ ಬಣ್ಣದ್ದು. ಕೀ ಹಾಕಿದ ಕೂಡಲೇ ಬೆಳಕು ಎದುರು ಗೋಡೆಗೆ ಬಡಿದು ವಾಪಸ್ ಬಂದು ನೆರಳನ್ನು ತುಂಬುತ್ತದೆ. ಅಂದರೆ ಫಿಲ್ ಆಗಲೇ ಇದೆ, ಬಿಟ್ಟಿಯಾಗಿ. ಅದರ ಮೇಲೆ ಫಿಲ್ ಲೈಟ್ ಇಟ್ಟರೆ ಮುಖ ಪಾಸ್‌ಪೋರ್ಟ್ ಫೋಟೋ ಥರ ಚಪ್ಪಟೆ ಆಗುತ್ತದೆ. ಮೂಗಿನ ಎರಡೂ ಪಕ್ಕ ನೆರಳು ಬಿದ್ದಿದ್ದರೆ ಫಿಲ್ ಅತಿಯಾಯಿತು ಅಂತ ತಿಳಿಯಿರಿ. ಇಲ್ಲಿ ಬೇಕಾಗುವುದು ಬೆಳಕು ತೆಗೆಯುವ ಸಾಮಾನು. ನೆರಳಿನ ಕಡೆ ಕೆನ್ನೆಯಿಂದ ಎರಡು ಮೂರು ಅಡಿ ದೂರದಲ್ಲಿ, ಫ್ರೇಮಿನ ಆಚೆ, ಒಂದು ಕರಿ ಕಂಬಳಿ ನೇತುಹಾಕಿ. ನೆರಳು ತಾನಾಗಿ ಗಾಢವಾಗುತ್ತದೆ.

ಈಗ ನಿಮ್ಮ ರೂಮಿಗೇ ಬರೋಣ. ಮೊದಲು ಟ್ಯೂಬ್‌ಲೈಟ್ ಆರಿಸಿ. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಬೇಡಿ. ಒಂದು ಮೂಲೆಯಿಂದ ನಾಲ್ಕೈದು ಅಡಿ ಮುಂದಕ್ಕೆ ಎಳೆದು, ಕ್ಯಾಮೆರಾವನ್ನು ಎದುರು ಮೂಲೆಯಲ್ಲಿಡಿ. ಹತ್ತಡಿ ರೂಮಿನಲ್ಲೂ ಮೂಲೆಯಿಂದ ಮೂಲೆಗೆ 14 ಅಡಿ ಸಿಗುತ್ತದೆ. ಪ್ರಶ್ನೆ ಕೇಳುವವರು ಕ್ಯಾಮೆರಾದ ಪಕ್ಕದಲ್ಲಿ ಕೂರಲಿ, ಅವರ ಆಚೆಗೆ ಕೀ ಇರಲಿ. ಆಗ ಮುಖದ ನೆರಳಿನ ಭಾಗ ಕ್ಯಾಮೆರಾ ಕಡೆಗೆ ಬಂದು ಮುಖಕ್ಕೆ ಉಬ್ಬುತಗ್ಗು ಸಿಗುತ್ತದೆ.

ಕೀ ಎಷ್ಟು ದೂರ? ಹೆಚ್ಚಿನವರು ಇಲ್ಲೇ ಎಡವುವುದು. ಕಣ್ಣಿಗೆ ಚುಚ್ಚುತ್ತದೆ ಅಂತ ಲೈಟನ್ನು ದೂರ ತಳ್ಳುತ್ತಾರೆ. ಮುಖದಿಂದ ಗೋಡೆ 5 ಅಡಿ ಹಿಂದಿದೆ ಅಂತಿಟ್ಟುಕೊಳ್ಳಿ. ಕೀ 6 ಅಡಿ ದೂರವಿದ್ದರೆ ಮುಖಕ್ಕೆ ಬಿದ್ದಿದ್ದರಲ್ಲಿ ಸುಮಾರು ಶೇ. 30ರಷ್ಟು ಬೆಳಕು ಗೋಡೆಗೂ ಬೀಳುತ್ತದೆ. ಅದನ್ನೇ 3 ಅಡಿಗೆ ತಂದರೆ ಶೇ. 14ಕ್ಕೆ ಇಳಿಯುತ್ತದೆ, ಗೋಡೆ ತಾನಾಗಿ ಮಬ್ಬಾಗುತ್ತದೆ. ಹತ್ತಿರ ತಂದು, ಬ್ರೈಟ್‌ನೆಸ್ ಇಳಿಸಿ, ಮುಂದೆ ತೆಳು ಬಿಳಿ ಬಟ್ಟೆ ಹಿಡಿಯಿರಿ. ಕಣ್ಣಿಗೂ ಹಿತ. ಬಟ್ಟೆ ಲೈಟಿಗೆ ತಾಗದಿರಲಿ, ಬಿಸಿಯಾಗುತ್ತದೆ.

ಎರಡನೇ ಲೈಟ್ ಬ್ಯಾಕ್‌ಗೆ. ಹಿಂದೆ ಸ್ಟ್ಯಾಂಡ್ ಇಟ್ಟರೆ ಫ್ರೇಮಿನಲ್ಲಿ ಕಾಣುತ್ತದೆ. ಬೀರುವಿನ ಮೇಲೋ ಸಜ್ಜಾದ ಮೇಲೋ ಇಟ್ಟು ತಲೆಯ ಹಿಂಭಾಗಕ್ಕೆ ತಿರುಗಿಸಿ. ಲೆನ್ಸಿಗೆ ನೇರ ಹೊಡೆದು ಚಿತ್ರ ಬಿಳಿಚಿಕೊಂಡರೆ ರಟ್ಟಿನ ತುಂಡು ಅಡ್ಡ ಹಿಡಿಯಿರಿ. ಕೂತವರದು ಕಪ್ಪು ಕೂದಲು, ಹಿಂದೆ ತಿಳಿ ಬಣ್ಣದ ಗೋಡೆ ಅಂದರೆ ಬ್ಯಾಕ್ ಲೈಟೇ ಬೇಕಿಲ್ಲ, ಆಗಲೇ ಬಿಡಿಸಿಕೊಂಡಿದೆ. ಬೋಳುತಲೆಯವರಿಗಂತೂ ತುಂಬಾ ಕಡಿಮೆ ಇಡಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕೂತವರು ಕನ್ನಡಕ ಹಾಕಿದ್ದರೆ? ಕೀ ಲೈಟ್ ಗಾಜಿನಲ್ಲಿ ಬಿಳಿ ಚೌಕವಾಗಿ ಕೂರುತ್ತದೆ. ಪಾಪ, ಕನ್ನಡಕ ತೆಗೆಯಿರಿ ಅನ್ನಬೇಡಿ. ದಿನವೂ ಹಾಕುವವರು ಅದಿಲ್ಲದೆ ಮುದುಡಿ ಕೂರುತ್ತಾರೆ, ಮೂಗಿನ ಮೇಲೆ ಗುರುತೂ ಕಾಣುತ್ತದೆ. ಲೈಟನ್ನು ತಲೆಗಿಂತ ಎತ್ತರಕ್ಕೆ ಏರಿಸಿ, ಸ್ವಲ್ಪ ಪಕ್ಕಕ್ಕೂ ಸರಿಸಿ. ಸಾಲದಿದ್ದರೆ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲಿಂದ ಒಂದಿಷ್ಟು ಎತ್ತಿಸಿ. ಗಾಜು ನೆಲದ ಕಡೆ ಬಾಗಿ ಪ್ರತಿಫಲನ ಕೆಳಗೆ ಹೋಗುತ್ತದೆ. ರಿಂಗ್ ಲೈಟ್ ಮಾತ್ರ ಬೇಡವೇ ಬೇಡ. ಅದು ಲೆನ್ಸಿನ ಸುತ್ತಲೇ ಇರುವುದರಿಂದ ಕ್ಯಾಮೆರಾ ಕಡೆ ನೋಡಿದಾಗಲೆಲ್ಲ ಎರಡೂ ಗಾಜಿನಲ್ಲಿ ಬಳೆ ಕಾಣಿಸುತ್ತದೆ. ರೆಕಾರ್ಡ್ ಒತ್ತುವ ಮೊದಲು ಅವರನ್ನು ಒಂದು ನಿಮಿಷ ಸುಮ್ನೆ ಮಾತಾಡಿಸಿ. ಮಾತಾಡುವಾಗ ತಲೆ ಅಲ್ಲಾಡುತ್ತದೆ, ಹೊಳಪು ಎಲ್ಲಿ ಬರುತ್ತದೆ ಅಂತ ಆಗಲೇ ಗೊತ್ತಾಗುವುದು.