ಅಕ್ಷರಕ್ಕೆ ಇಳಿಯದ ಬಾಣಗಳು

ಮಲ್ಲೇಶ್ವರದ ಕಾಲೇಜೊಂದರ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯ ರಸಾಯನಶಾಸ್ತ್ರದ ನೋಟ್ಸಿನಲ್ಲಿ 2-ಬ್ರೋಮೋಬ್ಯುಟೇನ್ ಹೈಡ್ರಾಕ್ಸೈಡಿನೊಡನೆ ವರ್ತಿಸುವ ಕ್ರಿಯೆ ಅರ್ಧ ಪುಟ ತುಂಬಿದೆ. ಬ್ರೋಮಿನ್ ಬೆಣೆಯಾಕಾರದ ಗೆರೆಯ ತುದಿಯಲ್ಲಿದೆ. ಆಕ್ಸಿಜನ್‌ನಿಂದ ಇಂಗಾಲಕ್ಕೆ ಒಂದು ಬಾಗಿದ ಬಾಣ, ಇಂಗಾಲ–ಬ್ರೋಮಿನ್ ಬಂಧದಿಂದ ಬ್ರೋಮಿನ್‌ಗೆ ಇನ್ನೊಂದು. ನಡುವೆ ಆವರಣದೊಳಗೆ ಚುಕ್ಕೆಗೆರೆಯ ಅರೆಬಂಧಗಳಿರುವ ಸಂಕ್ರಮಣ ಸ್ಥಿತಿ. ಈ ಪುಟವನ್ನು ಟೈಪ್ ಮಾಡಿಡಲು ಹೊರಟರೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಉತ್ತರ ಇತಿಹಾಸದಲ್ಲಿದೆ.

ಇಲೆಕ್ಟ್ರಾನ್ ಜೋಡಿಯ ಚಲನೆಯನ್ನು ಬಾಗಿದ ಬಾಣದಿಂದ ತೋರಿಸುವ ರೂಢಿ 1922ರಲ್ಲಿ ಕರ್ಮ್ಯಾಕ್ ಮತ್ತು ರಾಬರ್ಟ್ ರಾಬಿನ್ಸನ್ ಅವರ ಪ್ರಬಂಧದಿಂದ ಬಂತು. ಅಣುಗಳನ್ನು ಒಂದೇ ಸಾಲಿನ ಅಕ್ಷರಗಳಲ್ಲಿ ಬರೆಯುವ ಕೆಲಸ ಬೇರೆಯದೇ ಅಗತ್ಯದಿಂದ ಹುಟ್ಟಿತು: 1949ರಲ್ಲಿ ವಿಸ್ವೆಸ್ಸರ್ ರೂಪಿಸಿದ ಸಂಕೇತವಾಗಲಿ, ಡೇವಿಡ್ ವೈನಿಂಗರ್ 1988ರಲ್ಲಿ ಪ್ರಕಟಿಸಿದ ಸ್ಮೈಲ್ಸ್ ಆಗಲಿ, ಸಂಯುಕ್ತಗಳನ್ನು ದಾಖಲಿಸಿ ಹುಡುಕುವುದಕ್ಕಾಗಿ ಬಂದವು. ಯಾವ ಪರಮಾಣು ಯಾವುದಕ್ಕೆ ಅಂಟಿದೆ ಎಂಬುದು ಅಲ್ಲಿ ಮುಖ್ಯ. ಇಲೆಕ್ಟ್ರಾನ್ ಎತ್ತ ಸರಿಯಿತು ಎಂಬುದು ಆ ಕೆಲಸಕ್ಕೆ ಬೇಕಿರಲಿಲ್ಲ. ನನ್ನ ದೃಷ್ಟಿಯಲ್ಲಿ ಇಂದಿನ ತೊಡಕಿನ ಬೇರು ಇದೇ.

ಕ್ರಿಯೆಯನ್ನು ಸ್ಮೈಲ್ಸ್‌ನಲ್ಲಿ ಬರೆದರೆ ಹೀಗಾಗುತ್ತದೆ:

```
CC[C@@H](C)Br.[OH-]>>CC[C@H](C)O.[Br-]
```

ನೇರ ಬಾಣದ ಕೆಲಸವನ್ನು `>>` ಮಾಡುತ್ತದೆ. ಗುಂಪುಗಳನ್ನು ಬರೆದ ಕ್ರಮ ಎರಡೂ ಕಡೆ ಒಂದೇ ಆಗಿರುವುದರಿಂದ, `@@` ಹೋಗಿ `@` ಬಂದದ್ದೇ ಇಂಗಾಲದ ಸುತ್ತಲಿನ ವಿನ್ಯಾಸ ತಿರುಗಿತೆಂಬುದಕ್ಕೆ ಗುರುತು: ಆರ್ ರೂಪದ ಬ್ರೋಮೈಡ್‌ನಿಂದ ಎಸ್ ರೂಪದ ಆಲ್ಕೋಹಾಲ್. ಇಷ್ಟನ್ನು ಒಂದು ಸಾಲು ಹಿಡಿದಿಡುವುದು ಸಣ್ಣ ಸಂಗತಿಯಲ್ಲ.

ಅಪಾಯವಿರುವುದು ಓದುವ ಹಂತದಲ್ಲಿ. ಪೆನ್ನಿನ ಬೆಣೆಗೆರೆ ತೆಳ್ಳಗಾಗಿ ಸಾದಾ ಗೆರೆಯಂತೆ ಕಂಡರೆ ಸಿಗುವ `CCC(C)Br` ಕೂಡ ಸರಿಯಾದ ಸ್ಮೈಲ್ಸ್ ಆದ್ದರಿಂದ ತಂತ್ರಾಂಶ ಯಾವ ತಪ್ಪನ್ನೂ ಹೇಳುವುದಿಲ್ಲ, ಆದರೆ ವಿನ್ಯಾಸದ ಮಾಹಿತಿ ಸದ್ದಿಲ್ಲದೆ ಹೋಗಿರುತ್ತದೆ. ಆ ಸಾಲಿನಿಂದ ಮತ್ತೆ ಚಿತ್ರ ಬರೆಸಿ ಪುಟದ ಪಕ್ಕ ಇಟ್ಟು ನೋಡಿದರೆ ಮಾತ್ರ ಇದು ತಿಳಿಯುತ್ತದೆ.

ಬಾಗಿದ ಬಾಣಗಳಿಗಂತೂ ಆ ಸಾಲಿನಲ್ಲಿ ಜಾಗವೇ ಇಲ್ಲ, ಅರೆಬಂಧಕ್ಕೆ ಚಿಹ್ನೆಯೂ ಇಲ್ಲ. ಪರಮಾಣುಗಳಿಗೆ ಸಂಖ್ಯೆ ಕೊಡಬಹುದಾದರೂ ಅದು ಯಾವ ಪರಮಾಣು ಎಲ್ಲಿಗೆ ಹೋಯಿತು ಎಂದು ಹೇಳುತ್ತದೆಯೇ ಹೊರತು ಯಾವ ಇಲೆಕ್ಟ್ರಾನ್ ಜೋಡಿ ಸರಿಯಿತು ಎಂದಲ್ಲ. ಬೆಂಜೀನಿನ ಎರಡು ಕೆಕುಲೆ ರೂಪಗಳ ನಡುವಿನ ಇಬ್ಬದಿ ಬಾಣದ ಗತಿ ಇನ್ನೂ ಕಷ್ಟದ್ದು: ಪ್ರಮಾಣೀಕರಿಸಿದಾಗ ಎರಡೂ `c1ccccc1` ಆಗುವುದರಿಂದ ಬಾಣ ತೋರಿಸಬೇಕಾದ ಎರಡು ತುದಿಗಳೇ ಉಳಿಯುವುದಿಲ್ಲ.

ಹೀಗಾಗಿ ಮೇಲಿನ ಸಾಲಿನ ಕೆಳಗೆ ಆಕ್ಸಿಜನ್‌ಗೆ 1, ಇಂಗಾಲಕ್ಕೆ 2, ಬ್ರೋಮಿನ್‌ಗೆ 3 ಎಂದು ಗುರುತು ಕೊಟ್ಟು, ‘1ರ ಒಂಟಿಜೋಡಿ 2ಕ್ಕೆ, ಅದೇ ಹೊತ್ತಿಗೆ 2–3 ಬಂಧದ ಜೋಡಿ 3ಕ್ಕೆ’ ಎಂದು ಕನ್ನಡದಲ್ಲೇ ಬರೆದಿಡಬೇಕಾಗುತ್ತದೆ. ಸಂಕ್ರಮಣ ಸ್ಥಿತಿಯನ್ನು ಮಾತ್ರ ಸ್ಕ್ಯಾನ್ ಮಾಡಿದ ಚಿತ್ರವಾಗಿಯೇ ಜೊತೆಗಿಡುವುದು ಸರಿ.