ಪಿಎಂಪಿಗೆ ದುಡ್ಡು ಕಟ್ಟುವ ಮೊದಲು ಜಾಹೀರಾತುಗಳನ್ನು ಎಣಿಸಿ

ಪ್ರಾಜೆಕ್ಟ್ ಕೋಆರ್ಡಿನೇಟರ್ ಆಗಿ ನಾಲ್ಕು ವರ್ಷ ದುಡಿದ ಒಬ್ಬರು, ಪ್ರಾಜೆಕ್ಟ್ ಮ್ಯಾನೇಜರ್‌ಗಳಿಗೆ ಕೊಡುವ ಪಿಎಂಪಿ ಸರ್ಟಿಫಿಕೇಟಿನ ಪರೀಕ್ಷೆಗೆ ಹಣ ಕಟ್ಟುವ ಮುನ್ನ ನನ್ನ ಬಳಿ ಬಂದಿದ್ದರು. ಸಂಬಳ ನಮೂದಿಸಿದ್ದ 120 ಕೆಲಸದ ಜಾಹೀರಾತುಗಳನ್ನು ಎಕ್ಸೆಲ್‌ನಲ್ಲಿ ಹಾಕಿಕೊಂಡಿದ್ದರು. ಪಿಎಂಪಿಯ ಹೆಸರೆತ್ತದ ಜಾಹೀರಾತುಗಳ ಸಂಬಳದ ಮಧ್ಯಾಂಕವನ್ನು, ಅಂದರೆ ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಬಳವನ್ನು, 100 ಎಂದಿಟ್ಟುಕೊಂಡರೆ, ಹೆಸರೆತ್ತಿದವುಗಳದ್ದು 140 ಬರುತ್ತಿತ್ತು. "ನೂರಕ್ಕೆ ನಲವತ್ತು ಹೆಚ್ಚು ಸಿಗುತ್ತೆ ಸರ್, ಇನ್ನೇನು ಯೋಚಿಸೋದು?" ಎಂದರು.

ಯೋಚಿಸುವುದು ಇತ್ತು. ನಾಲ್ಕು ವರ್ಷದ ಪದವಿ ಇದ್ದವರು ಕೂಡ ಸಾಮಾನ್ಯವಾಗಿ ಕನಿಷ್ಠ 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ತೋರಿಸದೆ ಪಿಎಂಪಿ ಪರೀಕ್ಷೆಗೆ ಕೂರುವಂತಿಲ್ಲ. ಹಾಗಾಗಿ ಪಿಎಂಪಿ ಕೇಳುವ ಜಾಹೀರಾತುಗಳಲ್ಲಿ ಹೆಚ್ಚಿನವು ಎಂಟು, ಹತ್ತು ವರ್ಷ ಪಳಗಿದವರಿಗಾಗಿ ಬರೆದವು. ಅಲ್ಲಿ ಕಾಣುವ ದೊಡ್ಡ ಸಂಬಳದಲ್ಲಿ ಬಹುಪಾಲು ಅನುಭವಕ್ಕೆ ಕೊಡುವ ಬೆಲೆ. ಸರ್ಟಿಫಿಕೇಟಿನ ಪಾಲು ಎಷ್ಟೆಂದು ಆ 140ನ್ನು ನೋಡಿ ಹೇಳಲಾಗದು.

ಹಾಳೆಯನ್ನು ಮತ್ತೆ ಸೋಸಿದೆವು. ಮೊದಲು ಪುನರಾವರ್ತನೆ ತೆಗೆದೆವು. ಒಂದೇ ಹುದ್ದೆಯನ್ನು ಮೂರು ನೇಮಕಾತಿ ಏಜೆನ್ಸಿಗಳು ಹಾಕಿರುತ್ತವೆ, ಕಂಪನಿಯ ಹೆಸರು ಮುಚ್ಚಿರುತ್ತವೆ. ಜವಾಬ್ದಾರಿಗಳ ಪ್ಯಾರಾ ಅಕ್ಷರಶಃ ಒಂದೇ ಆಗಿದ್ದರೆ ಸಿಕ್ಕಿಬೀಳುತ್ತದೆ. 120 ಇದ್ದದ್ದು 94ಕ್ಕೆ ಇಳಿಯಿತು. ಅದರಲ್ಲಿ ಮೂರರಿಂದ ಆರು ವರ್ಷದ ಅನುಭವ ಕೇಳಿದ್ದನ್ನಷ್ಟೇ ಇಟ್ಟುಕೊಂಡಾಗ ಉಳಿದದ್ದು 31: ಪಿಎಂಪಿ ಇದ್ದವು 12, ಇಲ್ಲದವು 19. ಸಂಬಳ 'ಇಷ್ಟರಿಂದ ಇಷ್ಟರವರೆಗೆ' ಎಂದಿದ್ದ ಕಡೆ ನಡುವಿನ ಅಂಕಿ ಹಿಡಿದೆವು. ಮೇಲಿನ ತುದಿಯನ್ನು ಹಿಡಿಯುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಆ ತುದಿ ಸಿಗುವುದು ಅಪರೂಪಕ್ಕೆ.

ಈ 19ರ ಮಧ್ಯಾಂಕವನ್ನು ಹೊಸದಾಗಿ 100 ಎಂದು ಹಿಡಿದಾಗ, 12ರದ್ದು 108 ಬಂತು. ನಲವತ್ತು ಇದ್ದ ಅಂತರ ಎಂಟಾಯಿತು. ಹನ್ನೆರಡೇ ಜಾಹೀರಾತು ಇರುವಾಗ ಈ ಎಂಟನ್ನೂ ಪರೀಕ್ಷಿಸದೆ ನಂಬಬಾರದು. ಅತಿ ಹೆಚ್ಚು ಸಂಬಳದ ಎರಡನ್ನು ಪಕ್ಕಕ್ಕಿಟ್ಟು ಮತ್ತೆ ಎಣಿಸಿದರೆ ಸಾಕು, ಅಂತರ ಗಟ್ಟಿಯೋ ಅಲ್ಲವೋ ಗೊತ್ತಾಗುತ್ತದೆ. ಇಲ್ಲಿ 108 ಇದ್ದದ್ದು 103ಕ್ಕೆ ಕುಸಿಯಿತು. ಏಕೆಂದು ತಿಳಿಯಲು ಹನ್ನೆರಡೂ ಜಾಹೀರಾತುಗಳನ್ನು ಓದಲು ಕೂತೆವು.

ನನ್ನ ಮಟ್ಟಿಗೆ ಇಡೀ ಲೆಕ್ಕದಲ್ಲಿ ತುಂಬ ಮುಖ್ಯವಾದದ್ದು ಈ ಓದು. ಹುಡುಕುವ ಪೆಟ್ಟಿಗೆಯಲ್ಲಿ "PMP" ಎಂದು ಒತ್ತಿದರೆ "required" ಎಂದಿರುವುದೂ ಬರುತ್ತದೆ, "preferred" ಎಂದಿರುವುದೂ ಬರುತ್ತದೆ, "or equivalent" ಎಂದು ಬಾಲ ಸೇರಿಸಿದ್ದೂ ಬರುತ್ತದೆ. ಹನ್ನೆರಡರಲ್ಲಿ ಕಡ್ಡಾಯ ಎಂದಿದ್ದವು ಮೂರು ಮಾತ್ರ. ಉಳಿದ ಒಂಬತ್ತಕ್ಕೆ ಅವರು ಆ ದಿನವೇ ಅರ್ಜಿ ಹಾಕಬಹುದಿತ್ತು, ಮತ್ತು ಆ ಒಂಬತ್ತರ ಮಧ್ಯಾಂಕ ಬರೀ 102. ಕಡ್ಡಾಯ ಎಂದ ಮೂರೂ ಹೆಚ್ಚುಕಡಿಮೆ 120ರ ಆಸುಪಾಸಿನಲ್ಲಿದ್ದವು. ಮೂರೂ ಬೇರೆ ಕಂಪನಿಗಳಿಗೆ ಗುತ್ತಿಗೆಯ ಮೇಲೆ ಕೆಲಸ ಮಾಡಿಕೊಡುವ ಸಂಸ್ಥೆಗಳು. ಗ್ರಾಹಕರೊಂದಿಗಿನ ಒಪ್ಪಂದದಲ್ಲೇ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಸರ್ಟಿಫಿಕೇಟ್ ಇರಬೇಕು ಎಂದು ಬರೆದಿದ್ದರೆ ಸಂಸ್ಥೆಗೆ ಬೇರೆ ದಾರಿ ಇರುವುದಿಲ್ಲ, ಅದಕ್ಕಾಗಿ ಹಣ ಬಿಚ್ಚುತ್ತದೆ.

ಇನ್ನು ಖರ್ಚು. ಪರೀಕ್ಷೆಯ ಶುಲ್ಕ, ಅರ್ಜಿಗೆ ಬೇಕಾದ 35 ಗಂಟೆಯ ತರಬೇತಿ, ಒಮ್ಮೆ ಫೇಲಾದರೆ ಮತ್ತೆ ಕಟ್ಟುವ ಹಣ, ಮೂರು ವರ್ಷಕ್ಕೊಮ್ಮೆ ನವೀಕರಣಕ್ಕೆ ಗಳಿಸಬೇಕಾದ 60 ಪಿಡಿಯು ಎಂಬ ಕಲಿಕೆಯ ಅಂಕಗಳು. ಎಲ್ಲ ಸೇರಿ ಅವರ ಲೆಕ್ಕದಲ್ಲಿ ವರ್ಷದ ಸಂಬಳ 100 ಆದರೆ ಮೊದಲ ಮೂರು ವರ್ಷಕ್ಕೆ 4 ಆಗುತ್ತಿತ್ತು. ಲಾಭವನ್ನು ಸರ್ಟಿಫಿಕೇಟ್ ಬಂದ ದಿನದಿಂದ ಎಣಿಸುವಂತಿಲ್ಲ, ಹೊಸ ಕೆಲಸಕ್ಕೆ ಸೇರಿದ ದಿನದಿಂದ ಎಣಿಸಬೇಕು. ಕೆಲಸ ಬದಲಾಗಲು ಒಂದು ವರ್ಷ ಹಿಡಿದರೆ ನವೀಕರಣಕ್ಕೆ ಎರಡೇ ವರ್ಷ ಉಳಿಯುತ್ತದೆ. "preferred" ಎನ್ನುವ ಕಡೆ ಸೇರಿದರೆ ವರ್ಷಕ್ಕೆ 2ರಂತೆ ಎರಡು ವರ್ಷಕ್ಕೆ 4, ಅಂದರೆ ಹಾಕಿದ ದುಡ್ಡು ಅಲ್ಲಿಗೆ ಸರಿಹೋಯಿತು ಅಷ್ಟೇ. ಕಡ್ಡಾಯ ಎನ್ನುವ ಕಡೆ ಸೇರಿದರೆ ಎರಡೂವರೆ ತಿಂಗಳೊಳಗೆ ಖರ್ಚು ವಾಪಸ್. ಇವೆಲ್ಲ ಜಾಹೀರಾತಿನ ಸಂಬಳ ಎಂಬುದು ನೆನಪಿರಲಿ. ಕೈಗೆ ಸಿಗುವುದು ಮಾತುಕತೆಯಲ್ಲಿ ಬದಲಾಗುತ್ತದೆ, ಸಂಬಳ ಬರೆಯದ ಜಾಹೀರಾತುಗಳು ಈ ಲೆಕ್ಕಕ್ಕೆ ಬಂದೇ ಇಲ್ಲ.

ಹಾಗಾದರೆ ಉಳಿದ ಪ್ರಶ್ನೆ, ಗುತ್ತಿಗೆ ಸಂಸ್ಥೆಯ ಕೆಲಸ ಅವರಿಗೆ ಬೇಕೇ ಎಂಬುದು. ಬೇಕು ಎಂದರು. ಆ ಮೂರೂ ಕಡೆಯ ನೇಮಕಾತಿಯವರಿಗೆ ಫೋನ್ ಮಾಡಿ, "ಸೇರಿದ ಆರು ತಿಂಗಳಲ್ಲಿ ಪಾಸ್ ಮಾಡಿಕೊಂಡರೆ ಆಗುತ್ತದೆಯೇ?" ಎಂದು ಕೇಳಲು ಹೇಳಿದೆ. ಇಬ್ಬರು ಆಗುತ್ತದೆ ಎಂದರು, ಅವರಲ್ಲಿ ಒಬ್ಬರು ಪರೀಕ್ಷೆಯ ಶುಲ್ಕವನ್ನು ಕಂಪನಿಯೇ ಕೊಡುತ್ತದೆ ಎಂದೂ ಹೇಳಿದರು. ಆ ವಾರ ಅವರು ಪರೀಕ್ಷೆಗೆ ಹಣ ಕಟ್ಟಲಿಲ್ಲ, ಎರಡು ಅರ್ಜಿ ಹಾಕಿದರು.