ಸ್ಟೋರಿ ಆಡ್‌ನಲ್ಲಿ ಫೋನ್ ನಂಬರು ಬಟನ್‌ನ ಹಿಂದೆ ಹೋಗ್ತಿದೆ, ಏನು ಮಾಡಲಿ?

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯ ಬಟ್ಟೆ ಅಂಗಡಿಯೊಂದಕ್ಕೆ ಯುಗಾದಿ ಆಫರ್‌ನ ಸ್ಟೋರಿ ಆಡ್ ಮಾಡಿಕೊಟ್ಟೆ. ಸೈಜ್ 1080×1920 ಸರಿಯಾಗೇ ಇತ್ತು. ಆದರೂ ಇನ್‌ಸ್ಟಾಗ್ರಾಂನಲ್ಲಿ ಫೋನ್ ನಂಬರ್ ಬಟನ್ ಹಿಂದೆ ಹೋಯ್ತು, ಮೇಲಿನ ಲೋಗೋ ಮೇಲೆ ಪೇಜ್ ಹೆಸರು ಕೂತಿದೆ. ಎಲ್ಲಿ ತಪ್ಪಿದೆ?

ಸೈಜ್ ತಪ್ಪಿಲ್ಲ, ಜಾಗ ತಪ್ಪಿದೆ. ನಮ್ಮ ಕಡೆ ಡಿಸೈನ್ ಕಲಿತವರಲ್ಲಿ ಜಾಸ್ತಿ ಜನ ಫ್ಲೆಕ್ಸ್ ಅಂಗಡಿಯಲ್ಲೇ ಕೈ ಪಳಗಿಸಿಕೊಂಡವರು. ಫ್ಲೆಕ್ಸ್ ಅಂದರೆ ತಲೆಯಲ್ಲಿ ಲೋಗೋ, ಬುಡದಲ್ಲಿ ವಿಳಾಸ ಮತ್ತು ನಂಬರಿನ ಪಟ್ಟಿ, ಅಲ್ವಾ? ಸ್ಟೋರಿಯಲ್ಲಿ ಆಪ್ ತನ್ನ ಸಾಮಾನು ಇಡೋದು ಸರಿಯಾಗಿ ಆ ಎರಡೇ ಜಾಗದಲ್ಲಿ. ಮೇಲೆ ಓಡುವ ಗೆರೆ, ಪ್ರೊಫೈಲ್ ಫೋಟೋ, ಪೇಜ್ ಹೆಸರು, ಜಾಹೀರಾತು ಅನ್ನೋ ಗುರುತು. ಕೆಳಗೆ ಬಟನ್. ಇವು ನಿಮ್ಮ ಫೈಲ್‌ನಲ್ಲಿ ಇರೋದಿಲ್ಲ, ಆಡ್ ಓಡುವಾಗ ಮೇಲೆ ಬಂದು ಕೂರುತ್ತವೆ. ಅದಕ್ಕೇ ಡಿಸೈನ್ ಮಾಡುವಾಗ ಎಲ್ಲ ಚೆನ್ನಾಗಿ ಕಾಣುತ್ತದೆ.

ಮೆಟಾ ಸ್ಟೋರಿಗೆ ಹೇಳುವ ಲೆಕ್ಕ ಇಷ್ಟೇ: ಮೇಲೆ ಸುಮಾರು 14%, ಕೆಳಗೆ ಸುಮಾರು 20% ಭಾಗದಲ್ಲಿ ಅಕ್ಷರ, ಲೋಗೋ ಬೇಡ. 1920 ಎತ್ತರದಲ್ಲಿ ಅದು ಮೇಲೆ 270 ಪಿಕ್ಸೆಲ್, ಕೆಳಗೆ 385. ನಡುವೆ ಉಳಿಯೋದು 1265, ನಿಮ್ಮ ಮಾತೆಲ್ಲ ಅಲ್ಲೇ ಮುಗಿಯಬೇಕು. ಹಾಗಂತ ಮೇಲೂ ಕೆಳಗೂ ಬಿಳಿ ಪಟ್ಟಿ ಬಿಡಬೇಡಿ, ಅದು ನೋಡೋಕೆ ಅಸಹ್ಯ. ಸೀರೆಯ ಫೋಟೋ, ಬಣ್ಣ, ತೋರಣ ಎಲ್ಲ ಅಂಚಿನವರೆಗೂ ಹರಡಲಿ, ಓದಬೇಕಾದ್ದು ಮಾತ್ರ ಒಳಗಿರಲಿ.

ಕೆಲಸ ಶುರು ಮಾಡುವ ಮೊದಲೇ ಎರಡು ತೆಳು ಕೆಂಪು ಡಬ್ಬಿ ಮಾಡಿ, ಒಂದು 1080×270 ಮೇಲಕ್ಕೆ, ಇನ್ನೊಂದು 1080×385 ಕೆಳಕ್ಕೆ, ಎರಡನ್ನೂ ಲಾಕ್ ಮಾಡಿಟ್ಟು ಅವುಗಳ ನಡುವೆ ಡಿಸೈನ್ ಮಾಡಿ. ಎಕ್ಸ್‌ಪೋರ್ಟ್ ಮಾಡುವಾಗ ಡಬ್ಬಿ ಮರೆಮಾಡೋದು ಮರೆಯಬೇಡಿ, ಕೆಂಪು ಪಟ್ಟಿ ಸಮೇತ ಆಡ್ ಹೋಗೋದೂ ಉಂಟು.

ಕನ್ನಡಕ್ಕೆ ಒಂದು ಎಚ್ಚರಿಕೆ ಬೇರೆ ಇದೆ. ‘ರೇಷ್ಮೆ ಸೀರೆ’ ಅಂತ ಬರೆದರೆ ‘ಷ್ಮೆ’ಯ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಅಕ್ಷರದ ಬುಡವನ್ನು ಸರಿಯಾಗಿ ಕೆಳಗಿನ ಡಬ್ಬಿಯ ಅಂಚಿನ ಮೇಲೆ ಕೂರಿಸಿದರೆ ಒತ್ತು ಬಟನ್ ಜಾಗಕ್ಕೆ ಇಳಿದಿರುತ್ತದೆ. ದೊಡ್ಡ ಅಕ್ಷರವಾದರೆ ಇನ್ನೊಂದು 40 ಪಿಕ್ಸೆಲ್ ಮೇಲೆತ್ತಿ.

ಈಗ ನಿಮ್ಮ ಆಡ್‌ಗೆ ಬರೋಣ. ಮೇಲಿನ ಲೋಗೋ ತೆಗೆದುಬಿಡಿ, ಪ್ರೊಫೈಲ್ ಫೋಟೋದಲ್ಲಿ ಲೋಗೋ ಹೇಗೂ ಬರುತ್ತದೆ. ಮೇಲಿನಿಂದ 320 ಪಿಕ್ಸೆಲ್ ಹತ್ತಿರ ‘ಯುಗಾದಿ ಆಫರ್’ ಶುರುವಾಗಲಿ. ನಡುವೆ ಸೀರೆ ಮತ್ತು ಬೆಲೆ. 1400ರ ಸುಮಾರಿಗೆ ‘ಮಂಡಿಪೇಟೆ, ದಾವಣಗೆರೆ’ ಒಂದೇ ಸಾಲು, ಅಲ್ಲಿಗೆ ಸಾಕು. ಫೋನ್ ನಂಬರ್ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ಚಿತ್ರದಲ್ಲಿರುವ ನಂಬರ್ ಒತ್ತಿದರೆ ಕಾಲ್ ಹೋಗೋದಿಲ್ಲ. ಆಡ್ ಸೆಟ್ ಮಾಡುವಾಗ ಕಾಲ್ ಅಥವಾ ವಾಟ್ಸಾಪ್ ಬಟನ್ ಆರಿಸಿದರೆ ಆ ಕೆಲಸ ಅದೇ ಮಾಡುತ್ತದೆ. ಚಿತ್ರದೊಳಗೆ ನೀವೇ ಒಂದು ಬಟನ್ ಬರೆದಿಡೋದೂ ಬೇಡ, ಜನ ಸುಮ್ನೆ ಅದನ್ನು ಒತ್ತುತ್ತಾ ಕೂರುತ್ತಾರೆ.

ಆಡ್ ಎಲ್ಲೆಲ್ಲಿ ಕಾಣಬೇಕು ಅನ್ನೋ ಪ್ಲೇಸ್‌ಮೆಂಟ್ ಆಯ್ಕೆಯನ್ನು ಮೆಟಾಗೇ ಬಿಟ್ಟರೆ ಅದೇ ಫೈಲ್ ರೀಲ್ಸ್‌ಗೂ ಹೋಗಬಹುದು. ಅಲ್ಲಿ ಕೆಳಗೆ ಪೇಜ್ ಹೆಸರು, ಕ್ಯಾಪ್ಷನ್, ಬಟನ್, ಬಲಕ್ಕೆ ಲೈಕ್ ಕಾಮೆಂಟ್ ಎಲ್ಲ ಇರುವುದರಿಂದ ಕೆಳಗೆ 35%, ಅಂದರೆ 672 ಪಿಕ್ಸೆಲ್ ಬಿಡಬೇಕು, ಎರಡೂ ಪಕ್ಕಕ್ಕೆ 6%, ಸುಮಾರು 65. ಆಗ 1400ರಲ್ಲಿರುವ ನಿಮ್ಮ ವಿಳಾಸವೂ ಮುಚ್ಚಿಹೋಗುತ್ತದೆ. ಒಂದೇ ಫೈಲ್‌ನಲ್ಲಿ ಮುಗಿಸಬೇಕಿದ್ದರೆ ಎಲ್ಲವನ್ನೂ 1248ರ ಒಳಗೆ ತನ್ನಿ. ಜಾಗ ಸಾಲದಿದ್ದರೆ ಆಡ್ಸ್ ಮ್ಯಾನೇಜರ್‌ನಲ್ಲಿ ಸ್ಟೋರಿಗೆ ಒಂದು, ರೀಲ್ಸ್‌ಗೆ ಒಂದು ಬೇರೆ ಬೇರೆ ಫೈಲ್ ಹಾಕಿ. ವಿಡಿಯೋ ಆದರೆ ಸಬ್‌ಟೈಟಲ್‌ಗೂ ಇದೇ ಲೆಕ್ಕ, ಸಿನಿಮಾದ ಹಾಗೆ ತೀರಾ ಕೆಳಗೆ ಇಟ್ಟರೆ ಕಾಣೋದೇ ಇಲ್ಲ.

ಪರೀಕ್ಷೆಗೆ ಅಂತ ನಿಮ್ಮ ಸ್ವಂತ ಸ್ಟೋರಿಯಲ್ಲಿ ಹಾಕಿ ನೋಡಬೇಡಿ, ಅಲ್ಲಿ ಆಡ್‌ನ ಬಟನ್ ಬರೋದಿಲ್ಲ. ಆಡ್ಸ್ ಮ್ಯಾನೇಜರ್‌ನ ಪ್ರಿವ್ಯೂನಲ್ಲಿ ಸ್ಟೋರಿ, ರೀಲ್ಸ್ ಎರಡನ್ನೂ ತೆರೆದು ನೋಡಿ. ಅಂಗಡಿ ಮಾಲೀಕರಿಗೂ ಆ ಪ್ರಿವ್ಯೂನ ಸ್ಕ್ರೀನ್‌ಶಾಟನ್ನೇ ಕಳಿಸಿ. ಬರೀ ಚಿತ್ರ ಕಳಿಸಿದರೆ ‘ಕೆಳಗೆ ಅಷ್ಟು ಜಾಗ ಖಾಲಿ ಬಿಟ್ಟಿದ್ದೀರಲ್ಲ, ನಂಬರ್ ದೊಡ್ಡದಾಗಿ ಹಾಕ್ರಿ’ ಅಂತ ಅವರು ಅಂದೇ ಅನ್ನುತ್ತಾರೆ.